ಸಿಟ್ಟಿನ ಪತ್ರಕ್ಕೆ ಅಂಗಡಿಯ ಉತ್ತರ



ವ್ಯವಹಾರ ಪತ್ರಗಳನ್ನು ನೀವು ತರಗತಿಯಲ್ಲಿ ಬರೆದು ಅಭ್ಯಾಸ ಮಾಡಿರುತ್ತೀರಿ. ಗ್ರಾಹಕನೊಬ್ಬ ದೂರು ಬರೆಯುತ್ತಾನೆ: ಕಳಿಸಿದ ಪುಸ್ತಕಗಳಲ್ಲಿ ಎರಡು ಹರಿದಿದ್ದವು, ಗಾಜಿನ ಲೋಟ ಒಡೆದಿತ್ತು. ವ್ಯಾಪಾರಿ ಉತ್ತರಿಸುತ್ತಾನೆ: ತಪ್ಪಾಗಿದೆ, ವಿಷಾದಿಸುತ್ತೇವೆ, ಬದಲಿ ಸಾಮಾನು ಕಳಿಸಿದ್ದೇವೆ. ಈ ಮಾದರಿಯಲ್ಲಿ ಒಂದು ಅನುಕೂಲವಿದೆ. ತಪ್ಪು ಯಾರದೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಅಂಗಡಿಯವರ ತಪ್ಪೇ ಇಲ್ಲದಿದ್ದಾಗ, ಅಥವಾ ಇದೆಯೋ ಇಲ್ಲವೋ ಎಂದು ಇನ್ನೂ ತಿಳಿಯದಿದ್ದಾಗ ಏನು ಬರೆಯಬೇಕು? ಗ್ರಾಹಕರು ಸಿಟ್ಟಾಗಿದ್ದಾರೆ, ಅವರನ್ನು ಕಳೆದುಕೊಳ್ಳಬಾರದು. ಹಾಗೆಂದು ಮಾಡದ ತಪ್ಪನ್ನು ಒಪ್ಪಿಕೊಳ್ಳಲೂ ಬಾರದು. ಇಂಥ ಒಂದು ಪತ್ರವನ್ನು ಈಗ ನಾವು ನೀವು ಕೂಡಿ ಬರೆಯೋಣ. ಒಂದು ಹಾಳೆ, ಪೆನ್ಸಿಲು ಹತ್ತಿರವಿರಲಿ.

ಚಿತ್ರದುರ್ಗದಲ್ಲಿ ಒಂದು ಸೀರೆ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಯಜಮಾನರು ಅದೇ ಜಿಲ್ಲೆಯ ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ ಸೀರೆಗಳನ್ನು ನೇಕಾರರಿಂದಲೇ ತರಿಸಿ ಮಾರುತ್ತಾರೆ. ಒಂದು ಬೆಳಿಗ್ಗೆ ಅವರಿಗೆ ಈ ಪತ್ರ ಬರುತ್ತದೆ. ಬರೆದವರು ಪ್ರೌಢಶಾಲೆಯ ಒಬ್ಬ ಉಪಾಧ್ಯಾಯಿನಿ.

"ಮಾನ್ಯರೇ, ಕಳೆದ ತಿಂಗಳು 3ರಂದು ನಿಮ್ಮಲ್ಲಿ ರೂ. 9,600 ಕೊಟ್ಟು ಕೆನೆಬಣ್ಣದ ಒಡಲು, ಕುಂಕುಮ ಬಣ್ಣದ ಅಂಚು ಸೆರಗು ಇರುವ ರೇಷ್ಮೆ ಸೀರೆ ಕೊಂಡೆ. ತಂಗಿಯ ಮಗನ ಮದುವೆಯಲ್ಲಿ ಒಂದೇ ಸಲ ಉಟ್ಟೆ. ಮನೆಯಲ್ಲಿ ಒಗೆದಾಗ ಅಂಚಿನ ಬಣ್ಣವೆಲ್ಲ ಒಡಲಿಗೆ ಹತ್ತಿ ಸೀರೆ ಹಾಳಾಗಿದೆ. ಫೋಟೋ ಇಟ್ಟಿದ್ದೇನೆ. ಎರಡು ಸಲ ಫೋನ್ ಮಾಡಿದರೂ 'ಯಜಮಾನರು ಇಲ್ಲ' ಎಂದರೇ ಹೊರತು ಯಾರೂ ತಿರುಗಿ ಮಾಡಲಿಲ್ಲ. ಅಸಲಿ ರೇಷ್ಮೆ ಬಣ್ಣ ಬಿಡುವುದಿಲ್ಲವೆಂದು ತಿಳಿದವರೆಲ್ಲ ಹೇಳುತ್ತಾರೆ. ನೀವು ಕೊಟ್ಟದ್ದು ನಕಲಿ. ಹನ್ನೆರಡು ವರ್ಷದಿಂದ ನಿಮ್ಮಲ್ಲೇ ವ್ಯಾಪಾರ ಮಾಡಿದ್ದಕ್ಕೆ ಇದೇ ಬಹುಮಾನ. ಏಳು ದಿನದೊಳಗೆ ಪೂರ್ತಿ ಹಣ ವಾಪಸು ಕೊಡಿ. ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಮ್ಮ ಶಾಲೆಯ ಎಲ್ಲ ಟೀಚರುಗಳಿಗೂ ಹೇಳುತ್ತೇನೆ."

ಇಂಥ ಪತ್ರ ಓದಿದ ಕೂಡಲೇ ಉತ್ತರ ಬರೆಯಲು ಕುಳಿತುಕೊಳ್ಳುವುದು ಸಹಜ. ನಮ್ಮ ಯಜಮಾನರೂ ಕುಳಿತರು. ಅಂದು ಅವರು ಬರೆದು ಹರಿದುಹಾಕಿದ ಮೊದಲ ಉತ್ತರ ಇದು:

"ನಮ್ಮ ಅಂಗಡಿಗೆ ನಲವತ್ತು ವರ್ಷದ ಹೆಸರಿದೆ. ರೇಷ್ಮೆ ಸೀರೆಯನ್ನು ಬಿಸಿನೀರು, ಸೋಪಿನ ಪುಡಿ ಹಾಕಿ ಒಗೆದರೆ ಇನ್ನೇನಾಗುತ್ತದೆ? ವಿದ್ಯಾವಂತರಾದ ನೀವು ಇಷ್ಟು ತಿಳಿಯದವರಂತೆ ನಡೆದುಕೊಂಡು ನಮ್ಮ ಮೇಲೆ ಅಪವಾದ ಹೊರಿಸುವುದು ಸರಿಯಲ್ಲ."

ಇದರಲ್ಲಿ ಮರ್ಯಾದೆ ಕಡಿಮೆಯಾಯಿತೆಂಬುದು ಯಾರಿಗಾದರೂ ಕಾಣುತ್ತದೆ. ಅದಕ್ಕಿಂತ ದೊಡ್ಡ ದೋಷ ಬೇರೆಯೇ ಇದೆ. ಬಿಸಿನೀರಿನ ಮಾತನ್ನು ಉಪಾಧ್ಯಾಯಿನಿ ಎಲ್ಲಿಯೂ ಬರೆದಿಲ್ಲ. "ಮನೆಯಲ್ಲಿ ಒಗೆದಾಗ" ಎಂದಷ್ಟೇ ಬರೆದಿದ್ದಾರೆ. ಯಜಮಾನರ ಊಹೆ ನಿಜವೇ ಇರಬಹುದು; ಆದರೆ ಅದು ಊಹೆ. ಅವರು ತಣ್ಣೀರಿನಲ್ಲಿಯೇ ಒಗೆದಿದ್ದರೆ ಈ ಪತ್ರ ಒಂದೇ ಸಾಲಿಗೆ ಬಿದ್ದುಹೋಗುತ್ತದೆ.

ಮಧ್ಯಾಹ್ನ ಸಿಟ್ಟು ಇಳಿದಾಗ ಹನ್ನೆರಡು ವರ್ಷದ ಗ್ರಾಹಕರು, ಶಾಲೆಯ ಟೀಚರುಗಳು, ಮುಂದಿನ ಮದುವೆಯ ಸುಗ್ಗಿ ಎಲ್ಲ ನೆನಪಾಗಿ ಇನ್ನೊಂದು ಉತ್ತರ ಹುಟ್ಟಿತು:

"ದಯವಿಟ್ಟು ಕ್ಷಮಿಸಬೇಕು. ನಮ್ಮಿಂದ ತಪ್ಪಾಗಿದೆ. ಮಗ್ಗದವರು ಹಾಕಿಸಿದ ಬಣ್ಣ ಸರಿಯಿರಲಿಲ್ಲವೆಂದು ಕಾಣುತ್ತದೆ. ಇನ್ನು ಮುಂದೆ ಅವರಿಂದ ಸೀರೆ ತರಿಸುವುದಿಲ್ಲ. ತಮ್ಮ ಹಣ ವಾಪಸು ಮಾಡುತ್ತೇವೆ."

ನಿಮ್ಮಲ್ಲಿ ಹಲವರಿಗೆ ಇದು ಒಳ್ಳೆಯ ಪತ್ರವೆನ್ನಿಸಬಹುದು. ವಿನಯವಿದೆ, ಜಗಳ ಮುಗಿಯುತ್ತದೆ, ಹೋದದ್ದು ರೂ. 9,600 ಮಾತ್ರ. ಆದರೆ ಇನ್ನೊಮ್ಮೆ ಓದಿ. ಮೂರನೆಯ ವಾಕ್ಯದಲ್ಲಿ ಒಬ್ಬ ಮೂರನೆಯ ಮನುಷ್ಯ ಬಂದಿದ್ದಾನೆ. ಮೊಳಕಾಲ್ಮೂರಿನ ನೇಕಾರ. ಅವನನ್ನು ಯಾರೂ ಕೇಳಲಿಲ್ಲ. ಅವನ ಬಣ್ಣವನ್ನು ಯಾರೂ ಪರೀಕ್ಷಿಸಲಿಲ್ಲ. ಗ್ರಾಹಕರನ್ನು ಸಮಾಧಾನಪಡಿಸುವ ಭರದಲ್ಲಿ ಯಜಮಾನರು ಅವನ ವಿರುದ್ಧ ಸಾಕ್ಷಿ ಹೇಳಿಬಿಟ್ಟರು. ಈ ಪತ್ರ ಹೋದ ಮೇಲೆ ಏನಾಗುತ್ತದೆ? ಅಂಗಡಿಯ ಲೆಕ್ಕದಲ್ಲಿ ರೂ. 9,600 ಎಲ್ಲಿಂದಾದರೂ ಬರಬೇಕು. ಮುಂದಿನ ಸಲ ನೇಕಾರ ಸೀರೆ ತಂದಾಗ "ನಿನ್ನ ಬಣ್ಣ ಬಿಟ್ಟಿತ್ತಪ್ಪ" ಎಂದು ಅವನ ಬಾಕಿಯಲ್ಲಿ ಮುರಿದುಕೊಳ್ಳುವುದು ತೀರ ಸುಲಭ. ದಿನಗಟ್ಟಲೆ ಮಗ್ಗದಲ್ಲಿ ಕುಳಿತು ನೇಯ್ದ ಸೀರೆಯ ಕೂಲಿ ಒಂದು ಸೌಜನ್ಯದ ವಾಕ್ಯಕ್ಕೆ ಹೋಗುತ್ತದೆ. ಸುಳ್ಳು ಒಪ್ಪಿಗೆಯ ವಿಷಯದಲ್ಲಿ ಸಾಮಾನ್ಯವಾಗಿ ಕಾನೂನಿನ ಭಯವನ್ನೇ ಹೇಳುತ್ತಾರೆ. ನನಗೆ ಕಾಣುವಂತೆ ಅದಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದು: ಒಪ್ಪಿಕೊಳ್ಳುವವನು ಒಬ್ಬ, ಅದರ ಬೆಲೆ ತೆರುವವನು ಇನ್ನೊಬ್ಬನಾಗಿರಬಹುದು.

ನಮ್ಮ ಭಾಷೆಯದೂ ಇಲ್ಲಿ ಒಂದು ಪಾತ್ರವಿದೆ. ಕನ್ನಡದಲ್ಲಿ "ತಪ್ಪಾಯ್ತು ಬಿಡಿ ಅಮ್ಮಾ" ಎಂಬುದು ಅಂಗಡಿಯ ಕಟ್ಟೆಯ ಮೇಲೆ ದಿನಕ್ಕೆ ಹತ್ತು ಸಲ ಕೇಳುವ ಮಾತು. ಅದರಲ್ಲಿ ತಪ್ಪಿನ ಅರ್ಥವೇ ಇಲ್ಲ. ಸಿಟ್ಟಾಗಬೇಡಿ ಎಂಬ ಅರ್ಥ ಮಾತ್ರ. ಹೇಳುವವರ ಮುಖ, ಧ್ವನಿ, ಮುಂದೆ ನೀಡುವ ಕುರ್ಚಿ ಇವೆಲ್ಲ ಸೇರಿ ಅರ್ಥ ತಿಳಿಯುತ್ತದೆ. ಅದೇ ಮಾತು ಕಾಗದಕ್ಕೆ ಇಳಿದಾಗ ಮುಖವೂ ಇರುವುದಿಲ್ಲ, ಧ್ವನಿಯೂ ಇರುವುದಿಲ್ಲ. "ನಮ್ಮಿಂದ ತಪ್ಪಾಗಿದೆ" ಎಂಬ ಎರಡು ಪದದ ಸೌಜನ್ಯ ಆರು ತಿಂಗಳ ನಂತರ ಬೇರೆಯವರು ಓದಿದಾಗ ಒಪ್ಪಿಗೆಯಾಗಿಯೇ ಕಾಣುತ್ತದೆ. ಫೋನಿನಲ್ಲಿ ಕಳಿಸುವ ಎರಡು ಸಾಲಿನ ಸಂದೇಶವೂ ಈ ಲೆಕ್ಕದಲ್ಲಿ ಕಾಗದವೇ.

ಬೇರೆಯವರು ಓದುವುದೆಂದರೆ ಯಾರು? ಉಪಾಧ್ಯಾಯಿನಿ ಹೇಳಿದ ಆಯೋಗವನ್ನೇ ತೆಗೆದುಕೊಳ್ಳಿ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕೆಳಗೆ ಜಿಲ್ಲೆಗೊಂದು ಗ್ರಾಹಕರ ವೇದಿಕೆ ಇತ್ತು. ಆ ಕಾಯಿದೆಯ ಜಾಗಕ್ಕೆ 2019ರ ಕಾಯಿದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ವೇದಿಕೆಯ ಹೆಸರು ಜಿಲ್ಲಾ ಆಯೋಗವೆಂದಾಗಿದೆ. ವಿವಾದಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅಲ್ಲಿ ದೂರು ಕೊಡಬಹುದು. ಆಗ ಅಂಗಡಿಯಿಂದ ಬಂದ ಪ್ರತಿಯೊಂದು ಪತ್ರವೂ ದೂರಿನ ಜೊತೆ ಸೇರುತ್ತದೆ. ತನಗೆ ವಿರುದ್ಧವಾದ ಸಂಗತಿಯನ್ನು ತಾನೇ ಬರೆದುಕೊಟ್ಟವನ ಮಾತಿಗೆ ಸಾಕ್ಷ್ಯದಲ್ಲಿ ವಿಶೇಷ ತೂಕವಿದೆ. ಅದು ಕೊನೆಯ ಮಾತಲ್ಲ, ತಪ್ಪಾಗಿ ಬರೆದೆನೆಂದು ತೋರಿಸಲು ಅವಕಾಶವಿದೆ. ಆದರೆ ತೋರಿಸುವ ಭಾರ ಆಮೇಲೆ ಬರೆದವನ ಹೆಗಲಿಗೇ ಬೀಳುತ್ತದೆ.

ಹಾಗಾದರೆ ಯಜಮಾನರು ಏನು ಮಾಡಬೇಕು? ಮೂರನೆಯ ಹಾಳೆ ತೆಗೆಯುವ ಮೊದಲು ಪೆನ್ನು ಕೆಳಗಿಟ್ಟು ಸೀರೆಯ ಕಡೆ ಹೋಗಬೇಕು. ಉತ್ತರ ಬರೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಬರವಣಿಗೆಯಲ್ಲ, ಹುಡುಕಾಟ.

ಮೊದಲು ಉಪಾಧ್ಯಾಯಿನಿಯ ಪತ್ರವನ್ನು ಬಿಡಿಸಿ ನೋಡೋಣ. ಅದರಲ್ಲಿ ಒಂದೇ ದೂರು ಇದೆಯೆಂದು ಕಾಣುತ್ತದೆ. ನಿಜವಾಗಿ ನಾಲ್ಕು ಬೇರೆ ಬೇರೆ ಮಾತುಗಳಿವೆ. ಬಣ್ಣ ಒಡಲಿಗೆ ಹತ್ತಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಫೋಟೋ ಇದೆ, ವಾದವಿಲ್ಲ. ಬಣ್ಣವೇ ಕೆಟ್ಟದ್ದಾಗಿತ್ತು ಎಂಬುದು ಕಾರಣದ ಬಗ್ಗೆ ಅವರ ತೀರ್ಮಾನ. ಸೀರೆ ನಕಲಿ ಎಂಬುದು ಆರೋಪ. ಫೋನಿಗೆ ಯಾರೂ ತಿರುಗಿ ಮಾಡಲಿಲ್ಲ ಎಂಬುದು ಮತ್ತೆ ಸಂಗತಿ. ನಾಲ್ಕಕ್ಕೂ ಸೇರಿಸಿ ಒಂದು ಹೌದು ಅಥವಾ ಒಂದು ಅಲ್ಲ ಎಂದರೆ ಎಡವುತ್ತೇವೆ. ಹಿಂದಿನ ಎರಡು ಉತ್ತರಗಳೂ ಎಡವಿದ್ದು ಅಲ್ಲಿಯೇ.

ಫೋನಿನ ವಿಷಯ ಸುಲಭ. ಅಂಗಡಿಯ ಹುಡುಗರನ್ನು ಕೇಳಿದಾಗ ಒಬ್ಬ ತಲೆ ತಗ್ಗಿಸಿದ. ಎರಡು ಸಲವೂ ಫೋನ್ ಎತ್ತಿದವನು ಅವನೇ. ಯಜಮಾನರಿಗೆ ಹೇಳಲು ಮರೆತಿದ್ದ. ಇದು ಅಂಗಡಿಯ ತಪ್ಪು, ಸಂಶಯವಿಲ್ಲ.

ಬಣ್ಣದ ವಿಷಯಕ್ಕೆ ಸ್ವಲ್ಪ ರೇಷ್ಮೆಯ ಗುಣ ತಿಳಿಯಬೇಕು. ರೇಷ್ಮೆ ಎಂಬುದು ಹುಳು ತನ್ನ ಬಾಯಿಂದ ಬಿಡುವ ಎಳೆ. ನಮ್ಮ ಕೂದಲಿನಂತೆ ಅದೂ ಪ್ರೋಟೀನಿನಿಂದ ಆದದ್ದು. ಅದಕ್ಕೆ ಸಾಮಾನ್ಯವಾಗಿ ಹಾಕುವ ಬಣ್ಣಗಳು ಆಮ್ಲ ಸೇರಿಸಿದ ಬಿಸಿನೀರಿನಲ್ಲಿ ಎಳೆಗೆ ಹಿಡಿಯುತ್ತವೆ. ಬಟ್ಟೆ ಒಗೆಯುವ ಪುಡಿ ಇದಕ್ಕೆ ವಿರುದ್ಧ ಗುಣದ್ದು, ಕ್ಷಾರ. ಕ್ಷಾರವೂ ಬಿಸಿಯೂ ಕೂಡಿದಾಗ ಎಳೆಯ ಹಿಡಿತ ಸಡಿಲವಾಗಿ ಬಣ್ಣ ನೀರಿಗೆ ಇಳಿಯುತ್ತದೆ. ಕುಂಕುಮ, ಕಡುನೀಲಿಯಂಥ ಗಾಢ ಬಣ್ಣಗಳಲ್ಲಿ ಬಣ್ಣದ ಪ್ರಮಾಣವೇ ಹೆಚ್ಚು, ಇಳಿಯುವುದೂ ಹೆಚ್ಚು. ಆದ್ದರಿಂದ "ಅಸಲಿ ರೇಷ್ಮೆ ಬಣ್ಣ ಬಿಡುವುದಿಲ್ಲ" ಎಂಬ ತಿಳಿದವರ ಮಾತು ತಲೆಕೆಳಗು. ಅಸಲಿಯಾದ್ದರಿಂದಲೇ ಅದಕ್ಕೆ ಸೋಪಿನ ಪುಡಿ ಆಗಿಬರುವುದಿಲ್ಲ. ಎಳೆಯ ಒಳಗೇ ಬಣ್ಣ ಸೇರಿಸಿಕೊಂಡಿರುವ ಪಾಲಿಯೆಸ್ಟರ್ ಸೀರೆ ಮನೆಯ ಒಗೆತವನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ.

ಇಷ್ಟು ತಿಳಿದ ಮಾತ್ರಕ್ಕೆ ಈ ಸೀರೆಯ ಬಣ್ಣ ಸರಿಯಿತ್ತೆಂದು ಹೇಳಲಾಗದು. ಸರಿಯಾಗಿ ಬಣ್ಣ ಹಿಡಿಸದ, ಹಿಡಿಸಿದ ಮೇಲೆ ಚೆನ್ನಾಗಿ ಜಾಲಿಸದ ನೂಲೂ ಉಂಟು. ಅದು ತಣ್ಣೀರಿಗೇ ಬಣ್ಣ ಬಿಡುತ್ತದೆ. ಯಾವುದೆಂದು ತಿಳಿಯಲು ಯಜಮಾನರಿಗೆ ಒಂದು ದಾರಿ ಸಿಕ್ಕಿತು. ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸಿನಲ್ಲಿ ಒಂದಕ್ಕಿಂತ ಹೆಚ್ಚು ಸೀರೆ ನೇಯುವುದು ರೂಢಿ. ಉಪಾಧ್ಯಾಯಿನಿಯ ಸೀರೆಯ ಹಾಸಿನಲ್ಲೇ ನೇಯ್ದ ಇನ್ನೊಂದು ಸೀರೆ ಅಂಗಡಿಯಲ್ಲಿ ಉಳಿದಿತ್ತು. ಅಂಚಿನ ನೂಲು ಎರಡಕ್ಕೂ ಒಂದೇ ಸಲ ಬಣ್ಣ ಹಾಕಿದ್ದು.

ಆ ಸೀರೆಯ ಕೊನೆಯ ಬಿಡಿ ದಾರಗಳಲ್ಲಿ ಕೆಲವನ್ನು ಕತ್ತರಿಸಿ, ಪ್ರತಿಯೊಂದರ ಜೊತೆ ಒಂದು ಬಿಳಿಯ ರೇಷ್ಮೆ ದಾರವನ್ನು ಹೊಸೆದು, ಎರಡು ಬಟ್ಟಲಿಗೆ ಹಾಕಿದರು. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಮತ್ತು ಸೋಪಿನ ಪುಡಿ. ಅರ್ಧ ಗಂಟೆಯ ನಂತರ ತಣ್ಣೀರಿನಲ್ಲಿ ಬಿಳಿಯ ದಾರ ಬಿಳಿಯಾಗಿಯೇ ಇತ್ತು. ಇನ್ನೊಂದು ಬಟ್ಟಲಿನ ನೀರು ಕೆಂಪಾಗಿ, ಬಿಳಿಯ ದಾರ ಗುಲಾಬಿಯಾಗಿತ್ತು. ಬಿಳಿಯ ದಾರ ಏಕೆ ಬೇಕೆಂದು ಕೇಳುತ್ತೀರಾ? ನೀರು ಕೆಂಪಾಗುವುದು ಒಂದು, ಇಳಿದ ಬಣ್ಣ ಪಕ್ಕದ ಬಟ್ಟೆಗೆ ಹತ್ತುವುದು ಇನ್ನೊಂದು. ದೂರು ಇರುವುದು ಎರಡನೆಯದರ ಬಗ್ಗೆ.

ಆಮೇಲೆ ಫೋಟೋ. ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಕಲೆಗಳು ಎಲ್ಲೆಂದರಲ್ಲಿ ಇಲ್ಲ, ಸಮದೂರದಲ್ಲಿ ಒಂದೇ ಆಕಾರದಲ್ಲಿ, ಕನ್ನಡಿಯ ಬಿಂಬಗಳಂತೆ ಜೋಡಿಜೋಡಿಯಾಗಿ ಇದ್ದವು. ಮಡಿಸಿದ ಬಟ್ಟೆ ಒದ್ದೆಯಾಗಿಯೇ ಬಹಳ ಹೊತ್ತು ಇದ್ದರೆ ಕಲೆ ಹೀಗೆ ಬೀಳುತ್ತದೆ. ಒಗೆಯುವಾಗಲೇ ಬಣ್ಣ ಹರಡಿದ್ದರೆ ಒಡಲಿಗೆಲ್ಲ ತೆಳುವಾಗಿ ಮಬ್ಬು ಬಣ್ಣ ಬರುತ್ತಿತ್ತು. ಬಿಲ್ಲಿನ ನಕಲಿನಲ್ಲಿ ಸೀರೆಯ ಸಿಲ್ಕ್ ಮಾರ್ಕ್ ಚೀಟಿಯ ಸಂಖ್ಯೆ ಬರೆದಿತ್ತು. "ಒಗೆಯುವ ಸೂಚನೆ ಕೊಟ್ಟಿದೆ" ಎಂದು ಹುಡುಗ ಗುರುತು ಹಾಕಿದ್ದ.

ಈಗ ಯಜಮಾನರ ಕೈಯಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ವಿಂಗಡಣೆ ಇದೆ. ಎರಡು ಬಟ್ಟಲಿನ ಫಲ ಕಂಡದ್ದು. ಬಿಲ್ಲು ಕಂಡದ್ದು. ಸೀರೆ ನೆನೆದು ಮಡಿಕೆಯಲ್ಲಿ ಉಳಿದಿತ್ತು ಎಂಬುದು ಫೋಟೋ ಹುಟ್ಟಿಸಿದ ಬಲವಾದ ಊಹೆ; ಸೀರೆಯನ್ನೇ ನೋಡದೆ ಹೇಳುವಂತಿಲ್ಲ. ಉಪಾಧ್ಯಾಯಿನಿ ಬಿಸಿನೀರು ಹಾಕಿದರೆಂಬುದು ಬರೀ ಊಹೆ. ಪತ್ರದಲ್ಲಿ ಕಂಡದ್ದು ಮಾತ್ರ ಬರಲಿ, ಊಹೆಗಳು ಮೇಜಿನ ಖಾನೆಯಲ್ಲೇ ಇರಲಿ ಎಂದು ಅವರು ನಿರ್ಧರಿಸಿದರು. ಏಳು ದಿನದ ಗಡುವಿನ ನಾಲ್ಕನೆಯ ದಿನ ಹೋದ ಪತ್ರ ಇದು:

"ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರವೂ ಫೋಟೋವೂ ಬಂದು ಸೇರಿದವು. ಮನೆಯ ಮದುವೆಗೆಂದು ಆಸೆಪಟ್ಟು ಕೊಂಡ ಸೀರೆ ಒಂದು ಸಲ ಉಡುವಷ್ಟರಲ್ಲಿ ಹೀಗಾದದ್ದನ್ನು ನೋಡಿ ನಮಗೂ ಬೇಸರವಾಯಿತು.

ನೀವು ಎರಡು ಸಲ ಫೋನ್ ಮಾಡಿದಾಗಲೂ ನಾವು ತಿರುಗಿ ಮಾಡಲಿಲ್ಲ. ಅದು ನಮ್ಮ ತಪ್ಪು. ದಯವಿಟ್ಟು ಕ್ಷಮಿಸಬೇಕು. ಬಂದ ಕರೆಗಳನ್ನು ಬರೆದಿಡಲು ಈಗ ಒಂದು ಪುಸ್ತಕ ಇಟ್ಟಿದ್ದೇವೆ.

ಪತ್ರ ಬಂದ ಮೇಲೆ ನಾವು ಪರೀಕ್ಷಿಸಿ ನೋಡಿದ್ದನ್ನು ತಿಳಿಸುತ್ತೇನೆ. ನಿಮ್ಮ ಸೀರೆಯ ಹಾಸಿನಲ್ಲೇ ನೇಯ್ದ ಇನ್ನೊಂದು ಸೀರೆ ನಮ್ಮಲ್ಲಿದೆ. ಅದರ ದಾರವನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ಇಟ್ಟಾಗ ಬಣ್ಣ ಬಿಡಲಿಲ್ಲ. ಬಿಸಿನೀರು, ಸೋಪಿನ ಪುಡಿಯಲ್ಲಿ ಇಟ್ಟಾಗ ಬಿಟ್ಟಿತು. ಗಾಢ ಬಣ್ಣದ ರೇಷ್ಮೆಯ ಗುಣ ಹಾಗಿರುವುದರಿಂದ 'ಮೊದಲ ಮೂರು ಸಲ ಡ್ರೈಕ್ಲೀನ್ ಮಾಡಿಸಿ' ಎಂಬ ಚೀಟಿಯನ್ನು ಬಿಲ್ಲಿನ ಜೊತೆ ಕೊಡುತ್ತೇವೆ. ಇದುವರೆಗೆ ನೋಡಿದ್ದರಿಂದ ಸೀರೆಯ ಬಣ್ಣದಲ್ಲಿ ದೋಷವಿತ್ತೆಂದು ನಮಗೆ ಕಂಡುಬಂದಿಲ್ಲ. ಆದಕಾರಣ ಹಣ ವಾಪಸು ಮಾಡಲು ನಮಗೆ ಆಗುವುದಿಲ್ಲ.

ಸೀರೆ ಅಪ್ಪಟ ರೇಷ್ಮೆಯದೇ. ಅದರ ಸಿಲ್ಕ್ ಮಾರ್ಕ್ ಸಂಖ್ಯೆ ನಿಮ್ಮ ಬಿಲ್ಲಿನಲ್ಲಿಯೂ ಇದೆ. ಸಂಶಯವಿದ್ದರೆ ಎರಡು ದಾರ ತೆಗೆದು ನಿಮ್ಮ ಎದುರಿಗೇ ಸುಟ್ಟು ತೋರಿಸುತ್ತೇವೆ. ಪ್ರಯೋಗಾಲಯಕ್ಕೆ ಕಳಿಸೋಣವೆಂದರೂ ಒಪ್ಪಿಗೆಯೇ. ಸೀರೆ ರೇಷ್ಮೆಯಲ್ಲವೆಂದಾಗಲಿ ಬಣ್ಣ ದೋಷದ್ದೆಂದಾಗಲಿ ಅಲ್ಲಿ ತಿಳಿದುಬಂದರೆ ಪೂರ್ತಿ ಹಣ ಕೊಡುತ್ತೇವೆ.

ಸೀರೆಯನ್ನು ಒಮ್ಮೆ ಅಂಗಡಿಗೆ ತಂದು ತೋರಿಸಿ. ಕೆನೆಬಣ್ಣದ ಒಡಲಿಗೆ ಗಾಢ ಬಣ್ಣ ಹಾಕಿಸಿದರೆ ಕಲೆ ಮುಚ್ಚಬಹುದು. ಜರಿ ಸ್ವಲ್ಪ ಮಂಕಾದೀತು; ಮೊದಲಿನಂತೆಯೇ ಆಗುತ್ತದೆಂದು ಹೇಳಲಾರೆ. ಬಣ್ಣದ ವಿಷಯದಲ್ಲಿ ನಮ್ಮ ಅಭಿಪ್ರಾಯ ಮೇಲೆ ಬರೆದಂತೆಯೇ. ಆದರೂ ಹನ್ನೆರಡು ವರ್ಷದಿಂದ ನೀವು ನಮ್ಮಲ್ಲಿಗೆ ಬರುತ್ತಿದ್ದೀರಿ, ಆ ಖರ್ಚು ನಮ್ಮದಿರಲಿ. ಸಂಜೆ 4ರಿಂದ 7ರವರೆಗೆ ನಾನೇ ಅಂಗಡಿಯಲ್ಲಿರುತ್ತೇನೆ. ಇಂತಿ ನಮಸ್ಕಾರಗಳು."

ಈ ಪತ್ರದಲ್ಲಿ ಬೇಸರ, ಕ್ಷಮೆ, ಒಪ್ಪಿಗೆ ಎಂಬ ಮೂರು ಬೇರೆ ಬೇರೆ ಜಾಗಗಳಲ್ಲಿ ಕುಳಿತಿರುವುದನ್ನು ಗಮನಿಸಿ. "ಬೇಸರವಾಯಿತು" ಎಂಬುದು ಸೀರೆ ಹಾಳಾದದ್ದಕ್ಕೆ. ಯಾರು ಹಾಳುಮಾಡಿದರೆಂಬ ಪ್ರಶ್ನೆ ಅದರಲ್ಲಿಲ್ಲ. ಪಕ್ಕದ ಮನೆಯವರ ಹಸು ಸತ್ತರೆ ನಮಗೆ ಬೇಸರವಾಗುವುದಿಲ್ಲವೇ, ಹಾಗೆ. "ನಮ್ಮ ತಪ್ಪು, ಕ್ಷಮಿಸಬೇಕು" ಎಂಬುದು ಫೋನಿಗೆ ಮಾತ್ರ ಅಂಟಿಕೊಂಡಿದೆ. ಆ ವಾಕ್ಯದಲ್ಲಿ ಫೋನ್ ಎಂಬ ಮಾತು ಇಲ್ಲದೆ, ಬರೀ "ಆದ ತಪ್ಪಿಗೆ ಕ್ಷಮಿಸಬೇಕು" ಎಂದಿದ್ದರೆ ಅದು ಹರಡಿ ಇಡೀ ಸೀರೆಗೆ ಹತ್ತುತ್ತಿತ್ತು. ಹಾಗೆಂದು ಅದನ್ನು ಬಿಟ್ಟುಬಿಡುವುದೂ ಜಾಣತನವಲ್ಲ. ನಿಜವಾದ ತಪ್ಪನ್ನು ನೇರವಾಗಿ ಒಪ್ಪಿಕೊಂಡವರು ಮುಂದಿನ ಸಾಲಿನಲ್ಲಿ "ಇದು ನಮ್ಮದಲ್ಲ" ಎಂದಾಗ ಓದುವವರು ನಂಬುತ್ತಾರೆ.

"ಒಂದು ವೇಳೆ ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ" ಎಂಬ ಶೈಲಿಯೊಂದು ಈಗ ಬಳಕೆಗೆ ಬಂದಿದೆ. ದೊಡ್ಡ ಕಂಪನಿಗಳ ಉತ್ತರಗಳಲ್ಲಿ ನೀವೂ ನೋಡಿರುತ್ತೀರಿ. ಅದರಲ್ಲಿ ಒಪ್ಪಿಗೆಯ ಅಪಾಯವಿಲ್ಲ, ನಿಜ. ಆದರೆ ಬೇಸರವಾಗಿದೆ ಎಂದು ಒಂದು ಪುಟ ಬರೆದವರಿಗೆ "ಆಗಿದ್ದರೆ" ಎನ್ನುವುದು ಅವರ ಪತ್ರವನ್ನು ಓದಲೇ ಇಲ್ಲವೆಂದ ಹಾಗೆ.

ಪರೀಕ್ಷೆಯ ಸಾಲುಗಳಲ್ಲಿ ಕರ್ತೃ ಯಾರು ನೋಡಿ: ದಾರ, ಬಣ್ಣ, ನೀರು. "ನೀವು" ಎಂಬ ಪದ ಅಲ್ಲಿ ಇಲ್ಲ. ಉಪಾಧ್ಯಾಯಿನಿ ಏನು ಮಾಡಿದರೆಂದು ಪತ್ರ ಹೇಳುವುದಿಲ್ಲ. ರೇಷ್ಮೆ ಯಾವಾಗ ಏನು ಮಾಡುತ್ತದೆಂದು ಹೇಳುತ್ತದೆ. ಮನೆಯಲ್ಲಿ ಸೀರೆಯನ್ನು ಹೇಗೆ ಒಗೆದರೆಂಬುದು ಅವರಿಗೆ ಗೊತ್ತೇ ಇದೆ. ಎರಡನ್ನೂ ಜೋಡಿಸುವ ಕೆಲಸ ಅವರಿಗೇ ಬಿಟ್ಟದ್ದು, ಅದೂ ಯಾರ ಎದುರಿಗೂ ಅಲ್ಲದೆ.

"ಆಗುವುದಿಲ್ಲ" ಎಂಬ ಮಾತು ಒಂದೇ ಸಲ, ಸ್ಪಷ್ಟವಾಗಿ ಬಂದಿದೆ. "ಪರಿಶೀಲಿಸುತ್ತೇವೆ", "ಮೇಲಿನವರ ಗಮನಕ್ಕೆ ತರುತ್ತೇವೆ" ಎಂದು ಎಳೆದಿದ್ದರೆ ಅವರು ಇನ್ನೂ ಹತ್ತು ದಿನ ಕಾದು ಇಮ್ಮಡಿ ಸಿಟ್ಟಾಗುತ್ತಿದ್ದರು. ಅದರ ಹಿಂದೆಯೇ ಪರೀಕ್ಷೆಯ ಬಾಗಿಲು ತೆರೆದಿದೆ. ಸುಡುವ ಪರೀಕ್ಷೆಯನ್ನು ನೀವೂ ನೋಡಿರಬಹುದು: ರೇಷ್ಮೆ ಎಳೆ ಕೂದಲು ಸುಟ್ಟ ವಾಸನೆ ಬೀರುತ್ತ ನಿಧಾನವಾಗಿ ಉರಿದು, ಬೆರಳಿನಲ್ಲಿ ಪುಡಿಯಾಗುವ ಕರಿ ಬೂದಿ ಬಿಡುತ್ತದೆ. ಆರ್ಟ್ ಸಿಲ್ಕ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸಿಲ್ಕ್ ಮಾರ್ಕ್ ಎಂಬುದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಗುರುತು. ಅದು ರೇಷ್ಮೆಯ ಶುದ್ಧತೆಗೆ ಸಂಬಂಧಿಸಿದ್ದು. ಬಣ್ಣ ಗಟ್ಟಿಯೆಂದು ಅದು ಭರವಸೆ ಕೊಡುವುದಿಲ್ಲ. ಯಜಮಾನರು ಅದನ್ನು ನಕಲಿ ಎಂಬ ಆರೋಪಕ್ಕೆ ಮಾತ್ರ ಉತ್ತರವಾಗಿ ಬಳಸಿದ್ದು ಅದಕ್ಕೇ. ಇನ್ನು ದೂರು ಆಯೋಗಕ್ಕೇ ಹೋದರೂ, ಪರೀಕ್ಷೆಯಿಲ್ಲದೆ ದೋಷ ತಿಳಿಯದ ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಅದಕ್ಕಿದೆ. ಅಂಗಡಿ ತಾನಾಗಿ ಅದನ್ನು ಒಪ್ಪಿಕೊಂಡದ್ದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಟೀಚರುಗಳಿಗೆಲ್ಲ ಹೇಳುತ್ತೇನೆಂಬ ಮಾತಿಗೆ ಪತ್ರದಲ್ಲಿ ಉತ್ತರವೇ ಇಲ್ಲವೆಂಬುದನ್ನು ನೀವು ಗುರುತಿಸಿದಿರೋ? ಬಣ್ಣ ಹಾಕಿಸಿಕೊಡುತ್ತೇವೆ, ಆದರೆ ಯಾರಿಗೂ ಹೇಳಬೇಡಿ ಎಂದು ಒಂದು ಸಾಲು ಸೇರಿಸಿದ್ದರೆ ಸೌಜನ್ಯವೆಲ್ಲ ಲಂಚವಾಗಿಬಿಡುತ್ತಿತ್ತು. ಪತ್ರವನ್ನು ಅವರು ಶಿಕ್ಷಕರ ಕೋಣೆಯಲ್ಲಿ ಗಟ್ಟಿಯಾಗಿ ಓದಿದರೂ ಅಂಗಡಿಗೆ ನಾಚಿಕೆಯಾಗಬಾರದು. ಬರೆದು ಮುಗಿಸಿದ ಮೇಲೆ ಯಜಮಾನರು ಹಾಗೆಯೇ ಒಮ್ಮೆ ಗಟ್ಟಿಯಾಗಿ ಓದಿ ನೋಡಿದರು. ಖರ್ಚು ನಮ್ಮದಿರಲಿ ಎಂಬ ಕೊಡುಗೆಗೆ ಕಾರಣವಾಗಿ ಹನ್ನೆರಡು ವರ್ಷದ ಬಳಕೆಯನ್ನು ಹೇಳಿದ್ದೂ ಲೆಕ್ಕವಿಟ್ಟೇ. ಕಾರಣ ಹೇಳದ ಕೊಡುಗೆ ಪರಿಹಾರದಂತೆ ಕಾಣುತ್ತದೆ. ಪರಿಹಾರವೆಂದರೆ ಹಿಂದೆ ತಪ್ಪು ಇತ್ತೆಂದಾಯಿತು. ವಕೀಲರ ನೋಟೀಸುಗಳಲ್ಲಿ ಬರುವ "ನಮ್ಮ ಹಕ್ಕುಗಳಿಗೆ ಬಾಧೆಯಿಲ್ಲದಂತೆ" ಎಂಬ ವಾಕ್ಯವನ್ನು ಕೆಲವರು ಇಂಥಲ್ಲಿ ಸೇರಿಸುತ್ತಾರೆ. ದೊಡ್ಡ ಮೊತ್ತದ ರಾಜಿ ಮಾತುಕತೆಗೆ ಅದು ಸರಿ. ಹಳೆಯ ಗ್ರಾಹಕರಿಗೆ ಬರೆಯುವ ಪತ್ರದಲ್ಲಿ ಅದು ಬಾಗಿಲಲ್ಲಿ ಪೊಲೀಸರನ್ನು ನಿಲ್ಲಿಸಿ ಕಾಫಿಗೆ ಕರೆದಂತಾಗುತ್ತದೆ. "ನಮ್ಮ ಅಭಿಪ್ರಾಯ ಮೇಲೆ ಬರೆದಂತೆಯೇ" ಎಂಬ ಮನೆಮಾತಿನ ಸಾಲು ಇಲ್ಲಿ ಸಾಕು.

ಪತ್ರದ ನಕಲು, ಎರಡು ಬಟ್ಟಲಿನ ದಾರಗಳು, ಫೋಟೋ ಇವನ್ನು ಯಜಮಾನರು ಒಂದು ಲಕೋಟೆಯಲ್ಲಿ ಹಾಕಿ ಮೇಲೆ ತಾರೀಖು ಬರೆದಿಟ್ಟರು. ಪರೀಕ್ಷಿಸಿದ ಸೀರೆಯನ್ನೂ ಮಾರದೆ ತೆಗೆದಿಟ್ಟರು; ಪ್ರಯೋಗಾಲಯದ ಮಾತು ಬಂದರೆ ಅದು ಬೇಕು.

ಇಷ್ಟೆಲ್ಲ ಮಾಡಿದರೂ ಪತ್ರ ಫಲಿಸದೆ ಹೋಗಬಹುದು. ಉಪಾಧ್ಯಾಯಿನಿ ಉತ್ತರಿಸದೆ ನೇರವಾಗಿ ಆಯೋಗಕ್ಕೆ ಹೋಗಬಹುದು. ಹಾಗೆ ಹೋಗುವುದು ಅವರ ಹಕ್ಕು. ಅಥವಾ ಸೀರೆ ತಂದು, "ನಾನು ಒಗೆದದ್ದು ತಣ್ಣೀರಿನಲ್ಲಿ, ಸೀಗೇಪುಡಿಯಲ್ಲಿ" ಎನ್ನಬಹುದು. ಆಗ ಯಜಮಾನರ ಊಹೆ ಪ್ರಶ್ನೆಗೆ ಬೀಳುತ್ತದೆ, ಪತ್ರ ಬೀಳುವುದಿಲ್ಲ. ಏಕೆಂದರೆ ಆ ಊಹೆ ಪತ್ರದಲ್ಲಿ ಇಲ್ಲವೇ ಇಲ್ಲ. ಎರಡು ಸೀರೆಗಳ ದಾರವನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕು. ದೋಷ ಬಣ್ಣದ್ದೇ ಎಂದು ಬಂದರೆ ಹಣ ಕೊಟ್ಟು, ಈ ಸಲ ನಿಜವಾದ ಕ್ಷಮೆಯ ಪತ್ರ ಬರೆಯಬೇಕು. ನೇಕಾರನನ್ನು ಕರೆಸಿ ಆ ವರದಿ ತೋರಿಸಿ ಮಾತನಾಡಬೇಕು. ಆಗ ಅವನೂ ತನ್ನ ಬಣ್ಣದವರನ್ನು ಕೇಳಬಲ್ಲ.

ನಮ್ಮ ಕಥೆಯಲ್ಲಿ ಉಪಾಧ್ಯಾಯಿನಿ ಬಂದದ್ದು ಒಂದು ಶನಿವಾರ ಸಂಜೆ, ಜೊತೆಗೆ ಮಗಳು. ಮುಖದಲ್ಲಿ ಸಿಟ್ಟು ಇನ್ನೂ ಇತ್ತು. ಯಜಮಾನರು ಸೀರೆಯನ್ನು ಹಾಸುಗಂಬಳಿಯ ಮೇಲೆ ಬಿಡಿಸಿ, ಕಲೆಗಳು ಒಂದರ ಮೇಲೊಂದು ಬರುವಂತೆ ಮಡಿಸುತ್ತ ಹೋದರು, ಏನೂ ಹೇಳಲಿಲ್ಲ. ಕಲೆಗಳೆಲ್ಲ ಕೂಡಿ ಒಂದೇ ಆದವು. "ಅವತ್ತು ನೀರು ನಿಂತುಹೋಯ್ತಲ್ಲಮ್ಮ, ಬಕೆಟ್ಟಿನಲ್ಲೇ ರಾತ್ರಿಯೆಲ್ಲ ಇತ್ತು," ಎಂದಳು ಮಗಳು. ತಾಯಿ ಅವಳ ಕಡೆ ನೋಡಿದರು. ಯಜಮಾನರು ಆ ಮಾತು ಕೇಳಿಸದವರಂತೆ ಬಣ್ಣದ ಪಟ್ಟಿ ತೆಗೆದು ಮುಂದಿಟ್ಟು, "ಬದನೆಕಾಯಿ ಬಣ್ಣ ಹಾಕಿಸಿದರೆ ಕುಂಕುಮದ ಅಂಚಿಗೆ ಒಪ್ಪುತ್ತೆ ಮೇಡಂ, ನೋಡಿ," ಎಂದರು.

ಹದಿನೈದು ದಿನಕ್ಕೆ ಸೀರೆ ಬಂತು. ಕಲೆ ಕಾಣುತ್ತಿರಲಿಲ್ಲ. ಜರಿ, ಹೇಳಿದ್ದಂತೆಯೇ, ಸ್ವಲ್ಪ ಮಂಕಾಗಿತ್ತು.